ಪರಿಭೂರಸಿ: ಒಂದು ಗೆರೆ ಯಾವ ಅಕ್ಷರದ ಮೇಲೆ ಬಿತ್ತು ಅನ್ನೋದರ ಕಥೆ

ಋಗ್ವೇದದ ಮೊದಲ ಸೂಕ್ತದ ನಾಲ್ಕನೇ ಋಕ್ಕು ಇದು. ಸ್ವರದ ಗೆರೆಗಳ ಸಮೇತ ಕೊಡುತ್ತಿದ್ದೇನೆ, ಯಾಕೆಂದರೆ ಈ ಬರಹ ಪೂರ್ತಿ ಆ ಗೆರೆಗಳ ಬಗ್ಗೆಯೇ:

ಅಗ್ನೇ॒ ಯಂ ಯ॒ಜ್ಞಮ॑ಧ್ವ॒ರಂ ವಿ॒ಶ್ವತಃ॑ ಪರಿ॒ಭೂರಸಿ॑ ।
ಸ ಇದ್ದೇ॒ವೇಷು॑ ಗಚ್ಛತಿ ॥

ಅರ್ಥ ಕಷ್ಟದ್ದಲ್ಲ. "ಅಗ್ನಿಯೇ, ಯಾವ ಯಜ್ಞವನ್ನು, ಅಧ್ವರವನ್ನು ನೀನು ಎಲ್ಲ ಕಡೆಯಿಂದ ಸುತ್ತುವರಿದಿರುತ್ತೀಯೋ, ಅದೇ ದೇವತೆಗಳನ್ನು ಸೇರುತ್ತದೆ."

ಮಂತ್ರ ಕಲಿಯುವಾಗ ಈ ಗೆರೆಗಳನ್ನು ನಾವು ರಾಗದ ಗುರುತು ಅಂತಲೇ ನೋಡುತ್ತೇವೆ. ಕೆಳಗೆ ಗೆರೆ ಇದ್ದರೆ ದನಿ ಇಳಿಸು, ಮೇಲೆ ಗೆರೆ ಇದ್ದರೆ ಏರಿಸು, ಏನೂ ಇಲ್ಲದಿದ್ದರೆ ಸುಮ್ನೆ ಸಮವಾಗಿ ಹೇಳು. ಪಾಠ ಹೇಳುವವರೂ ಬಹಳ ಕಡೆ ಅಷ್ಟಕ್ಕೇ ನಿಲ್ಲಿಸುತ್ತಾರೆ. ಹೇಳುವುದಕ್ಕೆ ಅಷ್ಟು ಸಾಕು ಕೂಡ. ಆದರೆ ಇದೇ ಗೆರೆಗಳು ಈ ಸಾಲಿನಲ್ಲಿ ಯಾವ ಪದ ಕರೆಯುವ ಪದ, ಯಾವುದು ನಾಮಪದ, ಯಾವ ಕ್ರಿಯಾಪದ ಒಳವಾಕ್ಯದ್ದು, ಯಾವುದು ಮುಖ್ಯವಾಕ್ಯದ್ದು ಎಂಬುದನ್ನೆಲ್ಲ ಹೇಳುತ್ತವೆ. ಇಂದ್ರಶತ್ರು ಕಥೆ ನೀವು ಕೇಳಿರುತ್ತೀರಿ: ತ್ವಷ್ಟೃ ಸ್ವರ ತಪ್ಪಿ ಹೇಳಿದ್ದಕ್ಕೆ "ಇಂದ್ರನನ್ನು ಕೊಲ್ಲುವವನು" ಹೋಗಿ "ಇಂದ್ರನಿಂದ ಸಾಯುವವನು" ಹುಟ್ಟಿದ ಅಂತ. ಸ್ವರದ ಮಾತು ಬಂದಾಗಲೆಲ್ಲ ಅದನ್ನೇ ಹೇಳುತ್ತಾರೆ, ಇಲ್ಲಿ ಬಿಟ್ಟುಬಿಡೋಣ. ಅದು ಒಂದು ಸಮಾಸದ ಒಳಗಿನ ವಿಷಯ. ನನಗೆ ಅದಕ್ಕಿಂತ ಜಾಸ್ತಿ ಕುತೂಹಲ ಇರುವುದು ಇಡೀ ವಾಕ್ಯದ ರಚನೆ ಸ್ವರದಲ್ಲಿ ಹೇಗೆ ಕಾಣುತ್ತದೆ ಅನ್ನೋದರಲ್ಲಿ.

ಮೊದಲು ಗೆರೆ ಓದುವ ಕ್ರಮ. ಇದೊಂದು ಸರಿಯಾಗಿ ಕೂತರೆ ಉಳಿದದ್ದು ತಾನಾಗಿ ಬರುತ್ತದೆ.

ವ್ಯಾಕರಣಕ್ಕೆ ಮುಖ್ಯವಾದ ಸ್ವರ ಉದಾತ್ತ. ಸಾಮಾನ್ಯವಾಗಿ ಒಂದು ಪದದಲ್ಲಿ ಒಂದೇ ಅಕ್ಷರ ಉದಾತ್ತ, ಉಳಿದವೆಲ್ಲ ಅನುದಾತ್ತ. ತಮಾಷೆ ಏನೆಂದರೆ ಋಗ್ವೇದದ ಬರಹದಲ್ಲಿ ಈ ಉದಾತ್ತಕ್ಕೇ ಗುರುತಿಲ್ಲ! ಅದರ ಅಕ್ಕಪಕ್ಕದವುಗಳಿಗೆ ಗುರುತು ಹಾಕಿ ಅದನ್ನು ಖಾಲಿ ಬಿಡುತ್ತಾರೆ. ಉದಾತ್ತಕ್ಕೆ ಮೊದಲು ಬರುವ ಅನುದಾತ್ತಕ್ಕೆ ಕೆಳಗೆ ಅಡ್ಡಗೆರೆ. ಉದಾತ್ತ ಆದ ಮೇಲೆ ಬರುವ ಅನುದಾತ್ತ ಸ್ವರಿತವಾಗಿ ಬದಲಾಗುತ್ತದೆ, ಅದರ ಮೇಲೆ ನಿಂತ ಗೆರೆ. ಆ ಸ್ವರಿತದ ನಂತರ ಬರುವ ಅನುದಾತ್ತಗಳು ಒಂದೇ ಸಮನೆ ಸಾಗುತ್ತವೆ, ಅವುಗಳಿಗೂ ಗುರುತಿಲ್ಲ, ಇದನ್ನು ಏಕಶ್ರುತಿ ಅಥವಾ ಪ್ರಚಯ ಎನ್ನುತ್ತಾರೆ. ಮುಂದಿನ ಉದಾತ್ತ ಬರುವ ಮುನ್ನ ಮತ್ತೆ ಒಂದು ಅಡ್ಡಗೆರೆ ಬಿದ್ದು ಎಚ್ಚರಿಸುತ್ತದೆ.

ಅಂದರೆ ಗುರುತಿಲ್ಲದ ಅಕ್ಷರ ಎರಡು ಥರ. ಸಾಲಿನ ಆರಂಭದಲ್ಲಿ ಅಥವಾ ಅಡ್ಡಗೆರೆಯ ನಂತರ ಖಾಲಿ ಇದ್ದರೆ ಅದು ಉದಾತ್ತ. ನಿಂತ ಗೆರೆಯ ನಂತರ ಖಾಲಿ ಇದ್ದರೆ ಅದು ಪ್ರಚಯ, ಅದರಲ್ಲಿ ಸ್ವರದ ಬಲ ಏನೂ ಇಲ್ಲ. ಹೊಸಬರು ಎಡವುವುದು ಇಲ್ಲೇ. ಇನ್ನೂ ಒಂದು ತೊಡಕು: ಇವತ್ತು ನಾವು ಕೇಳುವ ಪಾಠದಲ್ಲಿ ಎಲ್ಲಕ್ಕಿಂತ ಮೇಲಕ್ಕೆ ಹೋಗುವುದು ಸ್ವರಿತ, ಉದಾತ್ತ ನಡುವಿನ ದನಿಯಲ್ಲಿರುತ್ತದೆ. ಹಾಗಾಗಿ ಕಿವಿಗೆ ಏರಿದಂತೆ ಕೇಳಿದ್ದೇ ಉದಾತ್ತ ಅಂದುಕೊಂಡರೆ ಒಂದು ಅಕ್ಷರ ಮುಂದೆ ಹೋಗಿಬಿಟ್ಟಿರುತ್ತೀರಿ. ಪಾಣಿನಿ ಉದಾತ್ತವನ್ನು ಎತ್ತರದ್ದು ಅಂತಲೇ ಹೇಳುತ್ತಾನೆ. ಉಚ್ಚಾರಣೆಯ ನಿಯಮ ಹೇಳುವ ಋಗ್ವೇದ ಪ್ರಾತಿಶಾಖ್ಯ ಮಾತ್ರ ಸ್ವರಿತದ ಮೊದಲ ಭಾಗ ಉದಾತ್ತಕ್ಕಿಂತಲೂ ಎತ್ತರ ಎನ್ನುತ್ತದೆ. ನಮ್ಮ ಪಾಠ ಆ ಕಡೆಯದು. ಇನ್ನು ಶತಪಥ ಬ್ರಾಹ್ಮಣ ತೆಗೆದರೆ ಅಲ್ಲಿ ಕೆಳಗಿನ ಅಡ್ಡಗೆರೆ ಅಂದರೆ ಉದಾತ್ತ, ಪೂರ್ತಿ ಉಲ್ಟಾ. ಯಾವ ಗ್ರಂಥದ ಪದ್ಧತಿ ಅಂತ ನೋಡದೆ ಗೆರೆ ಓದಬಾರದು.

ಈಗ ಸಾಲಿಗೆ ಬರೋಣ.

ಮೊದಲ ಪದ "ಅಗ್ನೇ॒". ಇಲ್ಲಿ "ಅ" ಖಾಲಿ, ಸಾಲಿನ ಆರಂಭ, ಹಾಗಾಗಿ ಉದಾತ್ತ. "ಗ್ನೇ" ಉದಾತ್ತದ ನಂತರ ಬಂದರೂ ಸ್ವರಿತವಾಗಿಲ್ಲ, ಯಾಕೆಂದರೆ ಅದರ ನಂತರವೇ "ಯಂ" ಎಂಬ ಇನ್ನೊಂದು ಉದಾತ್ತ ಇದೆ. ಎರಡು ಉದಾತ್ತಗಳ ನಡುವೆ ಸಿಕ್ಕಿದ ಅನುದಾತ್ತ ಹಾಗೇ ಉಳಿದು ಕೆಳಗೆ ಗೆರೆ ಹಾಕಿಸಿಕೊಳ್ಳುತ್ತದೆ. ಈಗ ಇದನ್ನು ಸೂಕ್ತದ ಮೊದಲ ಪದದ ಜೊತೆ ಇಟ್ಟು ನೋಡಿ: "ಅ॒ಗ್ನಿಮೀ॑ಳೇ". ಅಲ್ಲಿ "ಅ" ಕೆಳಗೆ ಗೆರೆ, "ಗ್ನಿ" ಖಾಲಿ. ಅಂದರೆ ಅಗ್ನಿ ಎಂಬ ಪದದ ಸ್ವಂತ ಸ್ವರ ಕೊನೆಯ ಅಕ್ಷರದಲ್ಲಿದೆ. ಅಗ್ನಿಃ, ಅಗ್ನಿಮ್, ಅಗ್ನಿನಾ ಎಲ್ಲದರಲ್ಲೂ ಅದು ಅಲ್ಲೇ ಕೂತಿರುತ್ತದೆ. ಕರೆದ ತಕ್ಷಣ ಮಾತ್ರ ಜಿಗಿದು ಮೊದಲ ಅಕ್ಷರಕ್ಕೆ ಬರುತ್ತದೆ. ಸಂಬೋಧನೆ ಪಾದದ ಮೊದಲಲ್ಲಿದ್ದರೆ, ಆ ಪದದ ಸ್ವಂತ ಸ್ವರ ಎಲ್ಲಿದ್ದರೂ ಸರಿ, ಉದಾತ್ತ ಮೊದಲ ಅಕ್ಷರದ ಮೇಲೆಯೇ.

ಅದೇ ಸಂಬೋಧನೆ ಪಾದದ ನಡುವೆ ಬಂದರೆ? ಇದೇ ಸೂಕ್ತದ ಏಳನೇ ಋಕ್ಕು "ಉಪ॑ ತ್ವಾಗ್ನೇ ದಿ॒ವೇದಿ॑ವೇ॒" ಎಂದು ಶುರುವಾಗುತ್ತದೆ. ಇಲ್ಲಿ "ತ್ವಾ" ಮತ್ತು "ಅಗ್ನೇ" ಸೇರಿ "ತ್ವಾಗ್ನೇ" ಆಗಿದೆ, ಗುರುತು ಏನೂ ಇಲ್ಲ. ಆದರೆ ಇದು ನಿಂತ ಗೆರೆಯ ನಂತರದ ಖಾಲಿ, ಅಂದರೆ ಪ್ರಚಯ. ಅಗ್ನೇ ತನ್ನ ಸ್ವರವನ್ನು ಪೂರ್ತಿ ಕಳೆದುಕೊಂಡಿದೆ. ಪಾಣಿನಿಯ ಸೂತ್ರಗಳಲ್ಲಿ ಇಲ್ಲೊಂದು ಚಂದ ಇದೆ. "ಆಮಂತ್ರಿತಸ್ಯ ಚ" ಎಂಬ ಸೂತ್ರ ಅಷ್ಟಾಧ್ಯಾಯಿಯಲ್ಲಿ ಎರಡು ಕಡೆ ಬರುತ್ತದೆ, ಆರನೇ ಅಧ್ಯಾಯದಲ್ಲಿ ಒಮ್ಮೆ, ಎಂಟನೇ ಅಧ್ಯಾಯದಲ್ಲಿ ಒಮ್ಮೆ, ಅಕ್ಷರವೂ ವ್ಯತ್ಯಾಸ ಇಲ್ಲ. ಮೊದಲನೆಯದು ಸಂಬೋಧನೆಯ ಮೊದಲ ಅಕ್ಷರಕ್ಕೆ ಉದಾತ್ತ ಕೊಡುತ್ತದೆ, ಎರಡನೆಯದು ಸಂಬೋಧನೆ ನಡುವೆ ಬಂದರೆ ಉದಾತ್ತವನ್ನೇ ಕಿತ್ತುಕೊಳ್ಳುತ್ತದೆ. ಸೂತ್ರ ಎಲ್ಲಿ ಕೂತಿದೆ ಎಂಬುದರ ಮೇಲೆ ಕೆಲಸ ಬೇರೆ. ಸಂಬೋಧನೆಯ ಸ್ವಭಾವವೂ ಅದೇ, ಅಲ್ವಾ?

"ಯಂ", "ಯಜ್ಞಮ್", "ಅಧ್ವರಮ್", "ವಿಶ್ವತಃ" ಬಗ್ಗೆ ಹೆಚ್ಚು ಹೇಳುವುದಿಲ್ಲ, ಒಂದೊಂದಕ್ಕೂ ಒಂದೊಂದು ಉದಾತ್ತ ಇದೆ. "ಯಜ್ಞಮಧ್ವರಂ" ಅಂತ ಕೂಡಿ ಬರೆದಿದ್ದರೂ ಅದರಲ್ಲಿ ಎರಡು ಉದಾತ್ತ ಇರುವುದರಿಂದ ಎರಡು ಬೇರೆ ಪದ ಎಂದು ಗೊತ್ತಾಗುತ್ತದೆ.

ನನಗೆ ಈ ಋಕ್ಕಿನಲ್ಲಿ ಎಲ್ಲಕ್ಕಿಂತ ಇಷ್ಟ "ಪರಿ॒ಭೂರಸಿ॑". ಗೆರೆ ನೋಡಿ. "ಪ" ಖಾಲಿ, ಆದರೆ ಹಿಂದೆ "ತಃ" ಮೇಲೆ ನಿಂತ ಗೆರೆ ಇದೆ, ಹಾಗಾಗಿ ಇದು ಪ್ರಚಯ. "ರಿ" ಕೆಳಗೆ ಗೆರೆ. ಆಮೇಲೆ "ಭೂ" ಖಾಲಿ, "ರ" ಖಾಲಿ, "ಸಿ" ಮೇಲೆ ನಿಂತ ಗೆರೆ. ಅಡ್ಡಗೆರೆಯ ನಂತರ, ನಿಂತ ಗೆರೆ ಬರುವ ಮೊದಲು ಎರಡು ಅಕ್ಷರ ಖಾಲಿ. ಎರಡೂ ಉದಾತ್ತ. ಒಂದು ಪದಕ್ಕೆ ಒಂದೇ ಉದಾತ್ತ ಆದ್ದರಿಂದ ಇದು ಎರಡು ಪದ: "ಪರಿಭೂಃ" ಮತ್ತು "ಅಸಿ". ಮೊದಲನೆಯದರಲ್ಲಿ ಉದಾತ್ತ "ಭೂ" ಮೇಲೆ, ಎರಡನೆಯದರಲ್ಲಿ "ಅ" ಮೇಲೆ.

ಮೊದಲು "ಪರಿಭೂಃ". ಪರಿ ಎಂಬುದು ಉಪಸರ್ಗ, ಭೂ ಧಾತು. ಎರಡನ್ನೂ ನೋಡಿದರೆ ಕ್ರಿಯಾಪದದ ವಾಸನೆ ಬರುತ್ತದೆ. ಆದರೆ ಮುಖ್ಯವಾಕ್ಯದಲ್ಲಿ ಉಪಸರ್ಗ ಕ್ರಿಯಾಪದದ ಜೊತೆ ಬಂದರೆ ಉದಾತ್ತ ಉಪಸರ್ಗಕ್ಕೆ ಹೋಗುತ್ತದೆ, ಕ್ರಿಯಾಪದ ಸ್ವರ ಬಿಟ್ಟುಕೊಡುತ್ತದೆ. ಏಳನೇ ಋಕ್ಕಿನ ಕೊನೆಯ "ಏಮ॑ಸಿ" ಹಾಗೆಯೇ: "ಆ" ಎಂಬ ಉಪಸರ್ಗಕ್ಕೆ ಉದಾತ್ತ, "ಇಮಸಿ" ಎಂಬ ಕ್ರಿಯಾಪದಕ್ಕೆ ಏನೂ ಇಲ್ಲ, ಎರಡೂ ಸೇರಿ "ಏ" ಉದಾತ್ತ. ಪರಿಭೂಃ ಎಂಬಲ್ಲಿ "ಪರಿ" ಉದಾತ್ತ ಇಲ್ಲದೆ ಬೋಳಾಗಿದೆ, ಉದಾತ್ತ ಧಾತುವಿನ ಮೇಲಿದೆ. ಧಾತುವೇ ನಾಮಪದವಾಗಿ ಸಮಾಸದ ಕೊನೆಯಲ್ಲಿ ನಿಂತಾಗ ಹೀಗಾಗುತ್ತದೆ. ಆದ್ದರಿಂದ ಇದು "ಸುತ್ತುವರಿಯುವವನು" ಎಂಬ ನಾಮಪದ. ಪದಗಳನ್ನು ಬಿಡಿಬಿಡಿಯಾಗಿ ಕೊಡುವ ಪದಪಾಠವೂ ಇದನ್ನು ಎರಡಾಗಿ ಒಡೆಯದೆ "ಪ॒ರಿ॒ಽಭೂಃ" ಎಂದು ನಡುವೆ ಅವಗ್ರಹ ಹಾಕಿ ಒಂದೇ ಪದವಾಗಿ ಇಟ್ಟಿದೆ. "ಏಮಸಿ"ಯನ್ನಾದರೆ "ಆ । ಇ॒ಮ॒ಸಿ॒" ಎಂದು ಎರಡು ಪದ ಮಾಡಿದೆ.

ಇನ್ನು "ಅಸಿ". ಇದರ ಮೇಲೆ ಉದಾತ್ತ ಇರುವುದೇ ವಿಶೇಷ. ವೇದಭಾಷೆಯಲ್ಲಿ ಮುಖ್ಯವಾಕ್ಯದ ಕ್ರಿಯಾಪದ, ಪಾದದ ಮೊದಲಲ್ಲಿ ಇಲ್ಲದಿದ್ದರೆ, ಸ್ವರ ಇಲ್ಲದೆ ಇರುತ್ತದೆ. ಪಾಣಿನಿ ಇದನ್ನು "ತಿಙ್ಙತಿಙಃ" ಎಂಬ ಪುಟ್ಟ ಸೂತ್ರದಲ್ಲಿ ಹೇಳಿದ್ದಾನೆ: ಕ್ರಿಯಾಪದವಲ್ಲದ ಪದದ ನಂತರ ಬಂದ ಕ್ರಿಯಾಪದ ಅನುದಾತ್ತ. ಸೋಮನಿಗೆ ಹೇಳುವ ಒಂದು ಋಕ್ಕಿನಲ್ಲಿ (1.91.5) "ತ್ವಂ ಭ॒ದ್ರೋ ಅ॑ಸಿ॒ ಕ್ರತುಃ॑" ಎಂದು ಇದೇ "ಅಸಿ" ಇದೆ. ಅಲ್ಲಿ ನಿಂತ ಗೆರೆ "ಅ" ಮೇಲೆಯೇ ಬಂದಿದೆ, ಅಂದರೆ "ಅ" ಉದಾತ್ತ ಅಲ್ಲ, ಹಿಂದಿನ "ದ್ರೋ" ಉದಾತ್ತದ ಬಾಲ ಅಷ್ಟೆ. "ನೀನು ಒಳ್ಳೆಯವನು" ಎಂಬ ನೇರ ವಾಕ್ಯ, ಕ್ರಿಯಾಪದಕ್ಕೆ ಸ್ವರ ಇಲ್ಲ.

ನಮ್ಮ ಋಕ್ಕಿನಲ್ಲಿ ಅಸಿಗೆ ಸ್ವರ ಬಂದದ್ದು "ಯಂ" ಇರುವುದರಿಂದ. "ಯಾವುದನ್ನು" ಎಂದು ಶುರುವಾದ ಮಾತು ತಾನಾಗಿ ಮುಗಿಯುವುದಿಲ್ಲ, "ಅದು" ಎನ್ನುವುದಕ್ಕೆ ಕಾಯುತ್ತದೆ. ಇಂಥ ಒಳವಾಕ್ಯದ ಕ್ರಿಯಾಪದ ತನ್ನ ಸ್ವರವನ್ನು ಉಳಿಸಿಕೊಳ್ಳುತ್ತದೆ, ಪಾಣಿನಿಯ "ಯದ್ವೃತ್ತಾನ್ನಿತ್ಯಮ್" ಹೇಳುವುದು ಇದನ್ನೇ. ಈಗ ಒಂದು ಲೆಕ್ಕ ಮಾಡಿ. ಅಸಿಗೆ ಸ್ವರ ಇಲ್ಲದಿದ್ದರೆ ಬರಹ ಹೇಗಿರುತ್ತಿತ್ತು? "ಭೂ" ಒಂದೇ ಉದಾತ್ತ, ಅದರ ನಂತರದ "ರ" ಸ್ವರಿತ, "ಸಿ" ಪ್ರಚಯ. ಅಂದರೆ "ಪರಿ॒ಭೂರ॑ಸಿ". ಇರುವುದು "ಪರಿ॒ಭೂರಸಿ॑". ಅಕ್ಷರಗಳೆಲ್ಲ ಒಂದೇ. ಗೆರೆ ಒಂದು ಅಕ್ಷರ ಆಚೆ ಹೋಗಿದೆ, ಅಷ್ಟರಲ್ಲಿ "ವಾಕ್ಯ ಮುಗಿಯಿತು" ಎಂಬುದು "ವಾಕ್ಯ ಇನ್ನೂ ಇದೆ, ಮುಂದೆ ಕೇಳು" ಎಂದಾಗಿದೆ.

ಮುಂದೆ ಕೇಳಿದರೆ "ಸ ಇದ್ದೇ॒ವೇಷು॑ ಗಚ್ಛತಿ". "ಸ" ಉದಾತ್ತ, "ಇತ್" ಉದಾತ್ತ, "ದೇವೇಷು" ನಡುವಿನ "ವೇ" ಉದಾತ್ತ. "ಗಚ್ಛತಿ" ಮೂರೂ ಅಕ್ಷರ ಖಾಲಿ, ನಿಂತ ಗೆರೆಯ ನಂತರದ್ದು, ಎಲ್ಲ ಪ್ರಚಯ. ಇದು ಮುಖ್ಯವಾಕ್ಯ ಎಂದು ಆ ಬೋಳು ಕ್ರಿಯಾಪದವೇ ಹೇಳುತ್ತದೆ. ಪದಗಳು ಕೂಡಿ ಬರುವ ಸಂಹಿತೆಯಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಪದಪಾಠ ತೆಗೆಯಿರಿ, ಅಲ್ಲಿ ಪ್ರತಿ ಪದವೂ ಅಕ್ಕಪಕ್ಕದ ಪ್ರಭಾವ ಇಲ್ಲದೆ ಒಂಟಿಯಾಗಿ ನಿಂತಿರುತ್ತದೆ:

ಅಗ್ನೇ॑ । ಯಮ್ । ಯ॒ಜ್ಞಮ್ । ಅ॒ಧ್ವ॒ರಮ್ । ವಿ॒ಶ್ವತಃ॑ । ಪ॒ರಿ॒ಽಭೂಃ । ಅಸಿ॑ । ಸಃ । ಇತ್ । ದೇ॒ವೇಷು॑ । ಗ॒ಚ್ಛ॒ತಿ॒ ॥

"ಗ॒ಚ್ಛ॒ತಿ॒" ಪೂರ್ತಿ ಅಡ್ಡಗೆರೆ. "ಅಸಿ॑" ಹಾಗಿಲ್ಲ. ಒಂದೇ ಋಕ್ಕಿನ ಎರಡು ಕ್ರಿಯಾಪದ, ಒಂದಕ್ಕೆ ಸ್ವರ ಇದೆ, ಇನ್ನೊಂದಕ್ಕೆ ಇಲ್ಲ. ಸ್ವರ ಕಲಿಯಬೇಕು ಎನ್ನುವ ಯಾರಿಗಾದರೂ ನಾನು ಹೇಳುವುದು ಇದೇ: ಸಂಹಿತೆಯಿಂದ ಶುರು ಮಾಡಬೇಡಿ, ಪದಪಾಠದಿಂದ ಮಾಡಿ. ಪೂರ್ತಿ ಅಡ್ಡಗೆರೆ ಇರುವ ಪದಗಳನ್ನು ಮೊದಲು ಹುಡುಕಿ. ಅವು ಹೆಚ್ಚುಕಡಿಮೆ ಮೂರೇ ಬಗೆ: ಮುಖ್ಯವಾಕ್ಯದ ಕ್ರಿಯಾಪದ, ನಡುವೆ ಬಂದ ಸಂಬೋಧನೆ, ಇಲ್ಲವೇ ತ್ವಾ, ನಃ, ಚ ಥರದ ಸಣ್ಣ ಪದಗಳು. "ವೀರ್ಯ" ಮುಂತಾದ ಕೆಲವು ಪದಗಳಲ್ಲಿ ಉದಾತ್ತವೇ ಇಲ್ಲದೆ ಸ್ವತಂತ್ರ ಸ್ವರಿತ ಬರುತ್ತದೆ, ಮಿತ್ರಾವರುಣರಂಥ ಜೋಡಿ ದೇವತೆಗಳ ಹೆಸರಿಗೆ ಎರಡು ಉದಾತ್ತ ಇರುತ್ತದೆ, ಅವನ್ನು ಆಮೇಲೆ ನೋಡಿಕೊಳ್ಳಬಹುದು.

ಇಲ್ಲಿ ಯಾರಾದರೂ ಕೇಳಬಹುದು: "ಯಂ" ಎಂಬ ಪದ ಕಣ್ಣೆದುರೇ ಇದೆಯಲ್ಲ, ಒಳವಾಕ್ಯ ಅಂತ ಅದೇ ಹೇಳುತ್ತದೆ, ಗೆರೆಯಿಂದ ಹೊಸದಾಗಿ ಏನು ಗೊತ್ತಾಯಿತು? ಸರಿಯಾದ ಪ್ರಶ್ನೆ. ಉತ್ತರಕ್ಕೆ ಆರನೇ ಮಂಡಲಕ್ಕೆ ಹೋಗಬೇಕು. ನಲವತ್ತೇಳನೇ ಸೂಕ್ತದ ಕೊನೆಯಲ್ಲಿ ಯುದ್ಧದ ದುಂದುಭಿಯನ್ನು ಕುರಿತ ಋಕ್ಕುಗಳಿವೆ. ಕಟ್ಟಕಡೆಯ ಋಕ್ಕಿನ ಎರಡನೇ ಅರ್ಧ ಹೀಗಿದೆ:

ಸಮಶ್ವ॑ಪರ್ಣಾ॒ಶ್ಚರ॑ನ್ತಿ ನೋ॒ ನರೋ॒ಽಸ್ಮಾಕ॑ಮಿನ್ದ್ರ ರ॒ಥಿನೋ॑ ಜಯನ್ತು ॥

ಇದರಲ್ಲಿ ಯಾವ, ಯಾವಾಗ, ಏಕೆಂದರೆ ಎನ್ನುವ ಒಂದು ಪದವೂ ಇಲ್ಲ. ಪದ ಪದ ನೋಡಿದರೆ "ಕುದುರೆಗಳೇ ರೆಕ್ಕೆಯಾದ ನಮ್ಮ ಗಂಡುಗಳು ಒಟ್ಟಾಗಿ ಬರುತ್ತಾರೆ. ಇಂದ್ರನೇ, ನಮ್ಮ ರಥಿಕರು ಗೆಲ್ಲಲಿ" ಎಂದು ಎರಡು ಬಿಡಿ ವಾಕ್ಯ. ಆದರೆ "ಪರ್ಣಾ" ಕೆಳಗೆ ಅಡ್ಡಗೆರೆ, "ಚ" ಖಾಲಿ, "ರ" ಮೇಲೆ ನಿಂತ ಗೆರೆ. "ಚರನ್ತಿ" ಸ್ವರ ಉಳಿಸಿಕೊಂಡ ಕ್ರಿಯಾಪದ, ಅದೂ ಪಾದದ ನಡುವೆ. ಇದು ಬಿಡಿ ವಾಕ್ಯವಾಗಿದ್ದರೆ "ಚರನ್ತಿ" ಬೋಳಾಗಿ, "ಪರ್ಣಾ" ಕೆಳಗೆ ಗೆರೆಯೇ ಇಲ್ಲದೆ, ಸಾಲು ಸಮವಾಗಿ ಸಾಗಬೇಕಿತ್ತು. ಹಾಗಾಗಿ ಅರ್ಥ "ನಮ್ಮವರು ಒಟ್ಟಾಗಿ ಬಂದಾಗ, ಇಂದ್ರನೇ, ನಮ್ಮ ರಥಿಕರು ಗೆಲ್ಲಲಿ". ಆ "ಆಗ" ಎಲ್ಲೂ ಬರೆದಿಲ್ಲ. ದನಿಯಲ್ಲಿ ಮಾತ್ರ ಇದೆ. ಎರಡನೇ ಪಾದದ "ಜಯನ್ತು" ನಿಯಮದಂತೆ ಬೋಳು, ನಡುವೆ ಬಂದ "ಇಂದ್ರ" ಸಂಬೋಧನೆಯೂ ಬೋಳು.

ಕನ್ನಡದಲ್ಲಿ ನಾವು ಇದಕ್ಕೆ ಕ್ರಿಯಾಪದದ ಬಾಲ ಬದಲಿಸುತ್ತೇವೆ. ಬರುತ್ತಾರೆ ಅಂದರೆ ಮುಗಿಯಿತು. ಬಂದಾಗ, ಬಂದರೆ, ಬಂದು ಅಂದರೆ ಕೇಳುವವನು ಕಾಯುತ್ತಾನೆ. ವೇದದ "ಚರನ್ತಿ"ಗೆ ಆ ಬಾಲ ಇಲ್ಲ, ಮುಖ್ಯವಾಕ್ಯದಲ್ಲೂ ಒಳವಾಕ್ಯದಲ್ಲೂ ರೂಪ ಒಂದೇ. ನಮ್ಮ "ಆಗ" ಮಾಡುವ ಕೆಲಸವನ್ನು ಅಲ್ಲಿ "ಚ" ಮೇಲಿನ ಉದಾತ್ತ ಮಾಡುತ್ತದೆ. ಗೆರೆ ಇಲ್ಲದ ಪುಸ್ತಕದಲ್ಲಿ ಇದನ್ನು ಓದಿದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಇದಕ್ಕೆ ಮಿತಿಯೂ ಇದೆ. ಕ್ರಿಯಾಪದ ಪಾದದ ಮೊದಲಲ್ಲಿ ಬಂದರೆ ಮುಖ್ಯವಾಕ್ಯವಾದರೂ ಸ್ವರ ಇರುತ್ತದೆ. ಮೊದಲ ಸೂಕ್ತದ ಕೊನೆಯ ಸಾಲು "ಸಚ॑ಸ್ವಾ ನಃ ಸ್ವ॒ಸ್ತಯೇ॑", "ನಮ್ಮ ಒಳಿತಿಗಾಗಿ ನಮ್ಮ ಜೊತೆಗಿರು". "ಸ" ಉದಾತ್ತ. ಇದನ್ನು ನೋಡಿ ಒಳವಾಕ್ಯ ಅಂದರೆ ತಪ್ಪು. ಪಾದ ಎಲ್ಲಿ ಮುರಿಯುತ್ತದೆ ಎಂಬುದನ್ನು ಛಂದಸ್ಸಿನಿಂದ ತಿಳಿದ ಮೇಲೆಯೇ ಸ್ವರದಿಂದ ತೀರ್ಮಾನಕ್ಕೆ ಬರಬೇಕು. ಗಾಯತ್ರಿಯಲ್ಲಿ ಎಂಟೆಂಟು ಅಕ್ಷರ ಎಣಿಸಿದರೆ ಸಾಕು. ಇನ್ನೊಂದು ಮಿತಿ ಈ ಕಾಲದ್ದು: ಮೊಬೈಲಿನಲ್ಲಿ ಕನ್ನಡ ಲಿಪಿಯ ವೇದಪಾಠ ಓದುವಾಗ ಕೆಲವು ಫಾಂಟ್‌ಗಳಲ್ಲಿ ಗೆರೆ ಪಕ್ಕದ ಅಕ್ಷರಕ್ಕೆ ಸರಿದಿರುತ್ತದೆ, ಒತ್ತಕ್ಷರ ಇದ್ದಲ್ಲಂತೂ ಜಾಸ್ತಿ. ಅನುಮಾನ ಬಂದರೆ ಪರೀಕ್ಷೆ ಸುಲಭ. ಈ ಋಕ್ಕುಗಳಲ್ಲಿ ನಿಂತ ಗೆರೆಯ ಹಿಂದಿನ ಅಕ್ಷರ ಖಾಲಿಯೇ ಇರಬೇಕು, ಅಡ್ಡಗೆರೆಯ ಮುಂದಿನ ಅಕ್ಷರವೂ ಸಾಮಾನ್ಯವಾಗಿ ಖಾಲಿ ಇರಬೇಕು. ಹಾಗಿಲ್ಲದಿದ್ದರೆ ಗೆರೆ ಜಾರಿದೆ. ಆದರೆ "ಪರಿ॒ಭೂರ॑ಸಿ" ಎಂದು ಜಾರಿದರೆ ಈ ಪರೀಕ್ಷೆಯಲ್ಲೂ ಪಾಸಾಗುತ್ತದೆ! ಅದನ್ನು ಹಿಡಿಯಲು "ಯಂ" ಇದ್ದಲ್ಲಿ ಕ್ರಿಯಾಪದ ಬೋಳಾಗಬಾರದು ಎಂಬ ವ್ಯಾಕರಣವೇ ಬೇಕು.

ಕೊನೆಗೆ ಒಂದು ಜಗಳದ ಪದ. ಏಳನೇ ಋಕ್ಕಿನ ಎರಡನೇ ಪಾದ "ದೋಷಾ॑ವಸ್ತರ್ಧಿ॒ಯಾ ವ॒ಯಮ್". ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿದ್ದ ಸಾಯಣಾಚಾರ್ಯರು ಇಲ್ಲಿ "ದೋಷಾವಸ್ತಃ" ಎಂಬುದಕ್ಕೆ ರಾತ್ರಿಯಲ್ಲೂ ಹಗಲಲ್ಲೂ ಎಂದು ಅರ್ಥ ಹೇಳಿದ್ದಾರೆ. ದೋಷಾ ಅಂದರೆ ಸಂಜೆ, ರಾತ್ರಿ. ವಸ್ತಃ ಅಂದರೆ ಹಗಲು. ನಾವು ರಾತ್ರಿ ಹಗಲು ನಮಿಸುತ್ತ ಬರುತ್ತೇವೆ ಎಂಬ ಅರ್ಥ ಚೆನ್ನಾಗಿಯೇ ಹೊಂದುತ್ತದೆ. ಸಾಯಣರಿಗೆ ಸ್ವರ ಗೊತ್ತಿರಲಿಲ್ಲ ಎನ್ನುವಂತಿಲ್ಲ, ಈ ಮೊದಲ ಸೂಕ್ತದ ಭಾಷ್ಯದಲ್ಲೇ ಪದಪದಕ್ಕೂ ಸ್ವರದ ಚರ್ಚೆ ಮಾಡುತ್ತಾರೆ. ಆದರೂ ನನಗೆ ಆಮೇಲಿನ ವಿದ್ವಾಂಸರು ಹೇಳುವ ಇನ್ನೊಂದು ಅರ್ಥವೇ ಸರಿ ಅನ್ನಿಸುತ್ತದೆ: ಇದು ಸಂಬೋಧನೆ, "ಕತ್ತಲೆಯನ್ನು ಬೆಳಗುವವನೇ". ಕಾರಣ ಗೆರೆ. "ದೋ" ಉದಾತ್ತ, "ಷಾ" ಸ್ವರಿತ. ವೇದದಲ್ಲಿ "ದೋಷಾ" ಎಂಬ ಪದ ಒಂಟಿಯಾಗಿ ಬಂದಾಗ ಉದಾತ್ತ ಕೊನೆಯ "ಷಾ" ಮೇಲಿರುತ್ತದೆ. ಇಲ್ಲಿ ಅದು ಮೊದಲ ಅಕ್ಷರಕ್ಕೆ ಜಿಗಿದಿದೆ, ಅದೂ ಪಾದದ ಮೊದಲಲ್ಲಿ. ಅಗ್ನಿ ಎಂಬುದು ಅಗ್ನೇ ಆದಾಗ ಆದದ್ದೂ ಇದೇ ಅಲ್ವಾ?

ಸ್ವರ ಒಂದೇ ಸಾಲದು ಎನ್ನುವವರಿಗೆ ಏಳನೇ ಮಂಡಲದಲ್ಲಿ (7.15.15) ಇದೇ ಪದ ಇದೇ ಅಗ್ನಿಗೆ ಬಂದಿದೆ:

ತ್ವಂ ನಃ॑ ಪಾ॒ಹ್ಯಂಹ॑ಸೋ॒ ದೋಷಾ॑ವಸ್ತರಘಾಯ॒ತಃ । ದಿವಾ॒ ನಕ್ತ॑ಮದಾಭ್ಯ ॥

ಪಾಪದಿಂದ ನಮ್ಮನ್ನು ಕಾಪಾಡು, ಕೇಡು ಬಯಸುವವನಿಂದ ಕಾಪಾಡು ಎಂಬ ಪ್ರಾರ್ಥನೆ. ಇಲ್ಲೂ "ದೋಷಾವಸ್ತಃ" ಎರಡನೇ ಪಾದದ ಮೊದಲಲ್ಲಿ, ಅದೇ ಸ್ವರದಲ್ಲಿ. ಮೂರನೇ ಪಾದದಲ್ಲಿ "ದಿವಾ ನಕ್ತಮ್", ಹಗಲೂ ರಾತ್ರಿಯೂ, ಎಂದು ಬೇರೆಯಾಗಿಯೇ ಹೇಳಿದೆ. ದೋಷಾವಸ್ತಃ ಅಂದರೂ ಅದೇ ಆಗಿದ್ದರೆ ಕವಿ ಒಂದೇ ಉಸಿರಿನಲ್ಲಿ ಅದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತಿತ್ತು. ಕೊನೆಯ "ಅದಾಭ್ಯ", ಯಾರೂ ಮೋಸ ಮಾಡಲಾಗದವನೇ, ಇದೂ ಅಗ್ನಿಯನ್ನು ಕರೆಯುವ ಪದವೇ, ಆದರೆ ಪಾದದ ಮೊದಲಲ್ಲಿ ಬಾರದ್ದರಿಂದ ಒಂದು ಉದಾತ್ತವೂ ಇಲ್ಲದೆ ಬೋಳಾಗಿ ಕೂತಿದೆ.